ಪಿಂಚಣಿ ಬಾಕಿಗೆ ಮನವಿ ಬರೆಯುವುದು ಹೇಗೆ?

ನಮ್ಮ ತಂದೆ ಶಿರಸಿಯ ಸರ್ಕಾರಿ ಕಚೇರಿಯಿಂದ 31-05-2023ರಂದು ನಿವೃತ್ತರಾದರು. ರಾಜ್ಯದ ಏಳನೇ ವೇತನ ಆಯೋಗದ ಪರಿಷ್ಕೃತ ಪಿಂಚಣಿ ಬಾಕಿ ಬಂದಿಲ್ಲ. ಮನವಿ ಯಾರಿಗೆ, ಹೇಗೆ ಬರೆಯಬೇಕು?

ಉತ್ತರ: ಮನವಿಯನ್ನು ಅವರು ನಿವೃತ್ತರಾದ ಕಚೇರಿಯ ಮುಖ್ಯಸ್ಥರಿಗೆ ಬರೆಯಿರಿ. ಹೊಸ ಪಿಂಚಣಿ ಕೊಡಲು ಒಪ್ಪಿಗೆ ನೀಡುವ ಮಹಾಲೇಖಪಾಲರ ಪರಿಷ್ಕೃತ ಅಧಿಕಾರಪತ್ರ ಬಾರದೆ ಶಿರಸಿಯ ಉಪಖಜಾನೆಯಾಗಲಿ ಕಾರವಾರದ ಜಿಲ್ಲಾ ಖಜಾನೆಯಾಗಲಿ ಹಣ ಕೊಡಲಾರದು. ಆ ಪತ್ರಕ್ಕೆ ಪ್ರಸ್ತಾವನೆ ಕಳುಹಿಸಬೇಕಾದುದು ಕಚೇರಿಯೇ. ಪತ್ರ ಈಗಾಗಲೇ ಹೊರಟಿದ್ದರೆ ಮಾತ್ರ ಖಜಾನೆಗೆ ಬರೆಯಬೇಕು, ಆದ್ದರಿಂದ ಮೊದಲು ಇದನ್ನು ವಿಚಾರಿಸಿ.

ಬಾಕಿಯ ಆರಂಭದ ದಿನಾಂಕ ತಪ್ಪದಂತೆ ನೋಡಿಕೊಳ್ಳಿ. ಪರಿಷ್ಕರಣೆ 01-07-2022ರಿಂದ ಕಾಲ್ಪನಿಕವಾಗಿ, ಅಂದರೆ ಲೆಕ್ಕಕ್ಕೆ ಮಾತ್ರ, ಜಾರಿಯಾದರೂ ಆರ್ಥಿಕ ಲಾಭ 01-08-2024ರಿಂದ ಮಾತ್ರ. ನಿವೃತ್ತಿಯ ದಿನದಿಂದ ಕೇಳಿದರೆ ಆಕ್ಷೇಪಣೆ ಬರಬಹುದು. ಹಳೆಯ ಪಿಂಚಣಿಯೊಡನೆ ಪಡೆದ ತುಟ್ಟಿಭತ್ಯೆಯನ್ನೂ ಕಳೆದೇ ವ್ಯತ್ಯಾಸ ತೋರಿಸಬೇಕು.

ಮನವಿಯ ತಿರುಳು ಹೀಗಿರಲಿ: “ನಾನು ದಿನಾಂಕ … ರಂದು ಸೇವೆಗೆ ಸೇರಿ, … ಹುದ್ದೆಯಿಂದ 31-05-2023ರಂದು ವಯೋನಿವೃತ್ತಿ ಹೊಂದಿದ್ದು, ನನ್ನ ಪಿಂಚಣಿ ಪಾವತಿ ಆದೇಶ ಸಂಖ್ಯೆ … ಆಗಿರುತ್ತದೆ. ಸರ್ಕಾರದ ಆದೇಶ ಸಂಖ್ಯೆ …, ದಿನಾಂಕ … ರಂತೆ ನನ್ನ ವೇತನವನ್ನು ಮರುನಿಗದಿಪಡಿಸಿ, 01-08-2024ರಿಂದ ಬಾಕಿ ಪಾವತಿಗೆ ಪ್ರಸ್ತಾವನೆ ಸಲ್ಲಿಸಲು ಕೋರುತ್ತೇನೆ.” ಸೇವಾ ಪುಸ್ತಕದ ಕೊನೆಯ ವೇತನದ ಪುಟದ ಪ್ರತಿಯನ್ನು ಲಗತ್ತಿಸಿ, ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.