ಹಂಚಿಕೆ ಮತ್ತು ಆಯ್ಕೆಯ ಮೊತ್ತ ತಾಳೆಯಾಗುತ್ತಿಲ್ಲ

“ಫಂಡ್ ಶೇ. 9.2, ಬೆಂಚ್‌ಮಾರ್ಕ್ ಶೇ. 7 ಗಳಿಸಿವೆ. ಬ್ಯಾಂಕ್ ವಲಯದ ತೂಕ ಫಂಡ್‌ನಲ್ಲಿ ಶೇ. 60, ಬೆಂಚ್‌ಮಾರ್ಕ್‌ನಲ್ಲಿ ಶೇ. 40, ಗಳಿಕೆ 12 ಮತ್ತು 10. ಉಳಿದದ್ದು ಐಟಿ, ಎರಡರಲ್ಲೂ ಗಳಿಕೆ 5. 2.2ರ ವ್ಯತ್ಯಾಸದಲ್ಲಿ ವಲಯಗಳ ತೂಕದ ಹಂಚಿಕೆಯಿಂದ 1.0, ವಲಯದೊಳಗಿನ ಷೇರು ಆಯ್ಕೆಯಿಂದ 0.8 ಬರುತ್ತಿದೆ. ಇನ್ನುಳಿದ 0.4 ಎಲ್ಲಿ ಹೋಯಿತು?”

ನೀವು ಆಯ್ಕೆಯ ಪರಿಣಾಮವನ್ನು ಬೆಂಚ್‌ಮಾರ್ಕ್ ತೂಕದಿಂದ ಗುಣಿಸಿರುವುದರಿಂದ, ತೂಕ ಮತ್ತು ಆಯ್ಕೆ ಎರಡೂ ಒಟ್ಟಿಗೆ ಕೆಲಸ ಮಾಡಿದ ಭಾಗ, ಅಂದರೆ ಪರಸ್ಪರ ಪರಿಣಾಮ, ಲೆಕ್ಕದಿಂದ ಹೊರಗುಳಿದಿದೆ.

ಮೊದಲು ಹಂಚಿಕೆಯನ್ನು ಹಾಗೆಯೇ ಬಿಡಿ, ಅದು ಸರಿಯಾಗಿದೆ. ಬ್ಯಾಂಕ್‌ಗೆ 0.20 × (10 − 7) = 0.6 ಬರುತ್ತದೆ. ಬೆಂಚ್‌ಮಾರ್ಕ್‌ನ ಒಟ್ಟು ಗಳಿಕೆಗಿಂತ ಹಿಂದುಳಿದ ಐಟಿಯಲ್ಲಿ ತೂಕ ಕಡಿಮೆ ಇಟ್ಟದ್ದಕ್ಕೆ −0.20 × (5 − 7) = 0.4 ಸೇರುತ್ತದೆ. ನಂತರ ಬ್ಯಾಂಕ್‌ನ ಉಳಿಕೆಯನ್ನು ನೋಡಿ: ಹೆಚ್ಚುವರಿ ತೂಕ 0.20, ಹೆಚ್ಚುವರಿ ಗಳಿಕೆ 2. ಗುಣಲಬ್ಧ ಸರಿಯಾಗಿ 0.4.

ಇದನ್ನು ಮೂರನೆಯ ಸಾಲಾಗಿ ತೋರಿಸಬಹುದು, ಇಲ್ಲವೇ ಆಯ್ಕೆಯನ್ನು ಫಂಡ್ ತೂಕದಿಂದಲೇ ಲೆಕ್ಕಹಾಕಬಹುದು: 0.60 × 2 = 1.2. ವಲಯದ ತೂಕವನ್ನು ಮೊದಲು ನಿರ್ಧರಿಸಿ, ಆಮೇಲೆ ಷೇರು ಆರಿಸುವ ಫಂಡ್‌ಗೆ ಎರಡನೆಯದೇ ನ್ಯಾಯವೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಷೇರು ಆರಿಸಿದವರ ಕೈಯಲ್ಲಿ ನಿಜವಾಗಿ ಇದ್ದದ್ದು ಶೇ. 60ರಷ್ಟು ಹಣ.

ನಿಮ್ಮ ಅಂಕಿಗಳು ಒಂದೇ ಅವಧಿಯವೆಂದು ಭಾವಿಸಿದ್ದೇನೆ. ಹಲವು ತಿಂಗಳುಗಳ ಪರಿಣಾಮಗಳನ್ನು ನೇರವಾಗಿ ಕೂಡಿಸಿದ್ದರೆ ಚಕ್ರಗಳಿಕೆಯಿಂದ ಬೇರೊಂದು ವ್ಯತ್ಯಾಸ ಉಳಿಯುತ್ತದೆ. ಆಗ ಪ್ರತಿ ತಿಂಗಳನ್ನೂ ಆ ತಿಂಗಳ ಆರಂಭದ ತೂಕದಿಂದ ಪ್ರತ್ಯೇಕವಾಗಿ ತಾಳೆನೋಡಿ, ಬಳಿಕ ತಿಂಗಳುಗಳ ಪರಿಣಾಮಗಳನ್ನು ಒಟ್ಟು ವ್ಯತ್ಯಾಸಕ್ಕೆ ಸರಿಹೊಂದಿಸುವ ಕಾರಿನೋ ವಿಧಾನದಂತಹ ಜೋಡಣೆಯಿಂದ ಸೇರಿಸಿ.