ಏಜೆನ್ಸಿ ಪೇರೋಲ್‌ನಲ್ಲಿದ್ದ ಎರಡು ವರ್ಷ: ಬಿಜಿವಿ ಫಾರ್ಮ್‌ನಲ್ಲಿ ಏನು ಬರೆಯಬೇಕು?

ಪ್ರಶ್ನೆ: ನಾನು ಸಾಫ್ಟ್‌ವೇರ್ ಟೆಸ್ಟರ್. ಹೊಸ ಕಂಪನಿಯಿಂದ ಆಫರ್ ಲೆಟರ್ ಬಂದಿದೆ, ಈ ವಾರ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಫಾರ್ಮ್ ತುಂಬಬೇಕು. ನನ್ನ ಮೊದಲ ಕೆಲಸ ಒಂದು ದೊಡ್ಡ ಕಂಪನಿಯ ಆಫೀಸಿನಲ್ಲಿ, ಆದರೆ ಸಂಬಳ ಕೊಡ್ತಿದ್ದದ್ದು ಬೇರೆ ಏಜೆನ್ಸಿ. ರೆಸ್ಯೂಮೆಯಲ್ಲಿ ದೊಡ್ಡ ಕಂಪನಿ ಹೆಸರನ್ನೇ ಹಾಕಿ, ಜುಲೈ 2019ರಿಂದ ನವೆಂಬರ್ 2021 ಅಂತ ಬರೆದಿದ್ದೇನೆ. ನಡುವೆ ನಾಲ್ಕು ತಿಂಗಳು ಕೆಲಸ ಇರಲಿಲ್ಲ, ಅದು ಕಾಣಬಾರದು ಅಂತ ಹಾಗೆ ಮಾಡಿದೆ. ಹುದ್ದೆ ‘ಸೀನಿಯರ್ ಟೆಸ್ಟ್ ಎಂಜಿನಿಯರ್’ ಅಂತ ಹಾಕಿದ್ದೇನೆ, ಲೆಟರ್‌ನಲ್ಲಿ ಬರೀ ‘ಅಸೋಸಿಯೇಟ್’. ಲಿಂಕ್ಡ್‌ಇನ್‌ನಲ್ಲಿ ಇನ್ನೇನೋ ಇದೆ. ಏಜೆನ್ಸಿಯ ರಿಲೀವಿಂಗ್ ಲೆಟರ್‌ನಲ್ಲಿರೋದು 12 ಆಗಸ್ಟ್ 2019ರಿಂದ 30 ಜುಲೈ 2021. ಈಗಿನ ಕಂಪನಿಗೆ ಸೇರಿದ್ದು 6 ಡಿಸೆಂಬರ್ 2021. ಫಾರ್ಮನ್ನು ರೆಸ್ಯೂಮೆ ತರ ತುಂಬಲಾ, ಲೆಟರ್ ತರ ತುಂಬಲಾ?
(ಹೆಸರು ಬೇಡ, ಬೆಂಗಳೂರು)

ಉತ್ತರ: ಲೆಟರ್ ತರ ತುಂಬಿ. ಆದರೆ ಫಾರ್ಮ್ ಕಳಿಸೋ ಮೊದಲು ರೆಸ್ಯೂಮೆ ಸರಿಮಾಡಿ, ಏನು ಬದಲಾಯಿತು ಅಂತ ಹೊಸ ಕಂಪನಿಯ ಎಚ್‌ಆರ್‌ಗೆ ಒಂದು ಮೇಲ್ ಹಾಕಿ. ಹಳೇ ರೆಸ್ಯೂಮೆ ಅವರ ಹತ್ತಿರ ಇದ್ದೇ ಇರುತ್ತದೆ. ಫಾರ್ಮ್ ಒಂದು ಹೇಳಿ, ರೆಸ್ಯೂಮೆ ಇನ್ನೊಂದು ಹೇಳಿದರೆ ಅದೇ ಮೊದಲ ಅನುಮಾನ.

ವೆರಿಫಿಕೇಶನ್ ಹೇಗೆ ನಡೆಯುತ್ತದೆ ಅಂತ ಗೊತ್ತಾದರೆ ನಿಮ್ಮ ನಿಜವಾದ ತೊಂದರೆ ಎಲ್ಲಿದೆ ಅನ್ನೋದು ತಿಳಿಯುತ್ತದೆ. ಪರಿಶೀಲನೆ ಮಾಡುವವರು ನೀವು ಬರೆದದ್ದನ್ನು ಒಂದು ಹಾಳೆಯಲ್ಲಿ ಹಾಕಿ ಹಳೇ ಕಂಪನಿಯ ಎಚ್‌ಆರ್‌ಗೆ ಕಳಿಸುತ್ತಾರೆ. ಸಾಮಾನ್ಯವಾಗಿ ಅದರಲ್ಲಿ ಎಂಪ್ಲಾಯಿ ಐಡಿ, ಸೇರಿದ ದಿನ, ಕೊನೆಯ ದಿನ, ಹುದ್ದೆ, ಬಿಟ್ಟ ಕಾರಣ, ಮತ್ತೆ ಕೆಲಸಕ್ಕೆ ತಗೋತೀರಾ ಅನ್ನೋ ಪ್ರಶ್ನೆ ಇರುತ್ತವೆ. ಎಚ್‌ಆರ್ ತಮ್ಮ ಸಿಸ್ಟಮ್ ನೋಡಿ ಪಕ್ಕದ ಕಾಲಂ ತುಂಬುತ್ತಾರೆ. ಎರಡು ಕಾಲಂ ಹೊಂದದ ಕಡೆ ಗುರುತು ಬೀಳುತ್ತದೆ. ಎಷ್ಟೋ ವೆರಿಫಿಕೇಶನ್ ಸಂಸ್ಥೆಗಳು ರಿಪೋರ್ಟ್‌ಗೆ ಹಸಿರು, ಹಳದಿ, ಕೆಂಪು ಬಣ್ಣ ಕೊಡುತ್ತವೆ. ಒಂದೆರಡು ವಾರದ ವ್ಯತ್ಯಾಸಕ್ಕೆ ಹೆಚ್ಚಂದ್ರೆ ಹಳದಿ ಬರಬಹುದು. ಆ ಗೆರೆಯನ್ನು ಎಲ್ಲಿ ಎಳೀಬೇಕು ಅನ್ನೋದು ನಿಮ್ಮನ್ನು ತಗೊಳ್ಳುವ ಕಂಪನಿಗೆ ಬಿಟ್ಟದ್ದು.

ನಿಮ್ಮ ತಲೆಯಲ್ಲಿ ಕೂತಿರೋದು ಆ ನಾಲ್ಕು ತಿಂಗಳು. ನನ್ನ ಪ್ರಕಾರ ಅದಕ್ಕಿಂತ ದೊಡ್ಡ ಅಪಾಯ ಕಂಪನಿಯ ಹೆಸರಿನಲ್ಲಿದೆ. ರೆಸ್ಯೂಮೆಯಲ್ಲಿರುವ ಹೆಸರು ನೋಡಿ ಅವರು ದೊಡ್ಡ ಕಂಪನಿಗೇ ಮೇಲ್ ಹಾಕುತ್ತಾರೆ. ಅಲ್ಲಿನ ಎಂಪ್ಲಾಯಿ ಪಟ್ಟಿಯಲ್ಲಿ ನೀವಿಲ್ಲ. ಎರಡು ವರ್ಷ ಅದೇ ಬಿಲ್ಡಿಂಗ್‌ನಲ್ಲಿ ಕೂತಿದ್ದರೂ, ಅವರ ಮೇಲ್ ಐಡಿ ಬಳಸಿದ್ದರೂ, ಅವರ ಲೆಕ್ಕದಲ್ಲಿ ನೀವು ವೆಂಡರ್ ಕಡೆಯವರು. ‘ಈ ಹೆಸರಿನವರು ನಮ್ಮಲ್ಲಿ ಕೆಲಸ ಮಾಡಿಲ್ಲ’ ಅಂತ ಉತ್ತರ ಬಂದರೆ, ಪೂರ್ತಿ ಎರಡು ವರ್ಷದ ಅನುಭವವೇ ಸುಳ್ಳು ಅನ್ನೋ ಹಾಗೆ ಕಾಣುತ್ತದೆ. ನಿಜವಾಗಿ ದುಡಿದವರೂ ಇಲ್ಲಿ ಸಿಕ್ಕಿಬೀಳುತ್ತಾರೆ, ಅದೇ ಬೇಜಾರು.

ಹಾಗಾಗಿ ಮೊದಲು ಈ ಸಾಲು ತಿದ್ದಿ. ‘ಕಂಪನಿ’ ಅನ್ನೋ ಜಾಗದಲ್ಲಿ ಏಜೆನ್ಸಿಯ ಪೂರ್ತಿ ಹೆಸರು, ಲೆಟರ್‌ಹೆಡ್‌ನಲ್ಲಿ ಇರುವ ಹಾಗೇ ಬರಬೇಕು. ಅದರ ಕೆಳಗೆ ‘ಕ್ಲೈಂಟ್’ ಅಂತ ಹಾಕಿ ದೊಡ್ಡ ಕಂಪನಿಯ ಹೆಸರು ಬರೆಯಿರಿ. ಅಲ್ಲಿ ಮಾಡಿದ ಪ್ರಾಜೆಕ್ಟ್, ಬಳಸಿದ ಟೂಲ್, ಎಲ್ಲ ಅದರಡಿ ಬರಲಿ. ಕ್ಲೈಂಟ್ ಹೆಸರು ಹೇಳಬಾರದು ಅಂತ ನಿಮ್ಮ ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲಿದ್ದರೆ ಮಾತ್ರ ‘ಬ್ಯಾಂಕಿಂಗ್ ಕ್ಷೇತ್ರದ ಕ್ಲೈಂಟ್’ ಅನ್ನೋ ತರ ಬರೆದು ಬಿಡಿ. ದೊಡ್ಡ ಹೆಸರು ಕೆಳಗಿನ ಸಾಲಿಗೆ ಹೋಯಿತಲ್ಲ ಅಂತ ಅನಿಸಬಹುದು. ಬೆಂಗಳೂರಿನಲ್ಲಿ ಟೆಸ್ಟಿಂಗ್ ಕೆಲಸಕ್ಕೆ ಜನ ತಗೊಳ್ಳುವವರಿಗೆ ಥರ್ಡ್ ಪಾರ್ಟಿ ಪೇರೋಲ್ ಹೊಸದೇನಲ್ಲ.

ಇನ್ನು ದಿನಾಂಕ. ನಿಮ್ಮ ಲೆಟರ್ ಪ್ರಕಾರ ಆಗಸ್ಟ್ 2019ರಿಂದ ಜುಲೈ 2021, ಅಂದರೆ ಎರಡು ವರ್ಷಕ್ಕೆ ಎರಡು ವಾರ ಕಡಿಮೆ. ರೆಸ್ಯೂಮೆಯಲ್ಲಿ ಅದು ಎರಡು ವರ್ಷ ಐದು ತಿಂಗಳಾಗಿದೆ. ಆಗಸ್ಟ್ ಹೋಗಿ ಜುಲೈ ಆದದ್ದನ್ನು ಮರೆವು ಅನ್ನಬಹುದು. ಜುಲೈ ಹೋಗಿ ನವೆಂಬರ್ ಆದದ್ದನ್ನು ಯಾರೂ ಮರೆವು ಅನ್ನಲ್ಲ. ಯಾಕಂದ್ರೆ ಅದು ಸರಿಯಾಗಿ ಮುಂದಿನ ಕೆಲಸದ ಹಿಂದಿನ ತಿಂಗಳಿಗೆ ಬಂದು ನಿಂತಿದೆ. ಗ್ಯಾಪ್ ಇದ್ದರೆ ಇರಲಿ ಬಿಡಿ. ಆಗಸ್ಟ್‌ನಿಂದ ನವೆಂಬರ್ 2021ರ ತನಕ ಕೆಲಸ ಹುಡುಕುತ್ತಿದ್ದೆ, ಅಥವಾ ಮನೆಯಲ್ಲಿ ಇಂಥ ಕಾರಣ ಇತ್ತು ಅಂತ ಫಾರ್ಮ್‌ನಲ್ಲಿ ಒಂದು ಸಾಲು ಸಾಕು. ಕೋರ್ಸ್ ಮಾಡಿದ್ದರೆ ಸರ್ಟಿಫಿಕೇಟ್ ಜೊತೆ ಹೇಳಿ. ಮಾಡದ ಕೋರ್ಸ್ ಹೇಳಬೇಡಿ, ಅದನ್ನೂ ಕೇಳುತ್ತಾರೆ.

ದಿನಾಂಕಕ್ಕೆ ಲೆಟರ್ ಬಿಟ್ಟು ಇನ್ನೊಂದು ಸಾಕ್ಷಿ ಇದೆ, ಪಿಎಫ್. ಎಷ್ಟೋ ಕಂಪನಿಗಳು ಈಗ ಯುಎಎನ್ ಕೇಳಿ, ಪಿಎಫ್ ದಾಖಲೆ ನೋಡುತ್ತವೆ. ಅವರು ನೋಡುವ ಮೊದಲು ನೀವು ನೋಡಿ. ಇಪಿಎಫ್‌ಒ ಮೆಂಬರ್ ಪೋರ್ಟಲ್‌ಗೆ ಲಾಗಿನ್ ಆಗಿ View ಅಡಿಯಲ್ಲಿ Service History ತೆರೆಯಿರಿ. ಪ್ರತಿ ಕಂಪನಿಯ ಹೆಸರಿನ ಮುಂದೆ ಸೇರಿದ ದಿನ, ಬಿಟ್ಟ ದಿನ ಕಾಣುತ್ತವೆ. ಇಲ್ಲಿ ಮೂರು ತರದ ಎಡವಟ್ಟು ಇರಬಹುದು.

ಒಂದು, ಏಜೆನ್ಸಿ ನಿಮ್ಮ ಬಿಟ್ಟ ದಿನವನ್ನೇ ಹಾಕಿರುವುದಿಲ್ಲ. ಆಗ 2021ರ ಡಿಸೆಂಬರ್‌ನಿಂದ ನೀವು ಎರಡು ಕಡೆ ಕೆಲಸ ಮಾಡುತ್ತಿದ್ದೀರಿ ಅನ್ನೋ ಹಾಗೆ ಕಾಣುತ್ತದೆ. ಮೂನ್‌ಲೈಟಿಂಗ್ ಗಲಾಟೆ ಆದಮೇಲೆ ಇದನ್ನು ಜಾಸ್ತಿ ನೋಡುತ್ತಾರೆ. ಇದನ್ನು ನೀವೇ ಸರಿಮಾಡಬಹುದು: Manage ಅಡಿಯಲ್ಲಿ Mark Exit ಇದೆ. ಕೊನೆಯ ಪಿಎಫ್ ಕಟ್ಟಿ ಎರಡು ತಿಂಗಳು ಆಗಿರಬೇಕು, ಆಧಾರ್‌ಗೆ ಜೋಡಿಸಿದ ಮೊಬೈಲ್‌ಗೆ ಒಟಿಪಿ ಬರುತ್ತದೆ. ಕೊನೆಯ ಪಿಎಫ್ ಯಾವ ತಿಂಗಳ ಸಂಬಳಕ್ಕೆ ಕಟ್ಟಿದ್ದಾರೋ ಆ ತಿಂಗಳೊಳಗಿನ ದಿನವನ್ನೇ ಹಾಕಬೇಕು. ನಿಮ್ಮದು ಜುಲೈ 2021 ಆಗಿದ್ದರೆ 30 ಜುಲೈ ಅಂತ ಲೆಟರ್‌ನಲ್ಲಿರುವ ದಿನವನ್ನೇ ಹಾಕಿ. ಎರಡು ಸಲ ನೋಡಿ ಹಾಕಿ. ಒಮ್ಮೆ ಹಾಕಿದ ಮೇಲೆ ಅಲ್ಲೇ ತಿದ್ದಲು ಬರಲ್ಲ.

ಎರಡು, ದಿನ ಹಾಕಿದ್ದಾರೆ, ಆದರೆ ಅದು ತಪ್ಪು. ಅದಕ್ಕೆ ಜಾಯಿಂಟ್ ಡಿಕ್ಲರೇಶನ್ ಅಂತ ಬೇರೆ ದಾರಿ ಇದೆ. ಈ ವಾರದೊಳಗೆ ಮುಗಿಯೋ ಕೆಲಸ ಅಲ್ಲ. ಅರ್ಜಿ ಹಾಕಿ, ಅದರ ಸ್ಕ್ರೀನ್‌ಶಾಟ್ ಮತ್ತು ರಿಲೀವಿಂಗ್ ಲೆಟರನ್ನು ಫಾರ್ಮ್ ಜೊತೆ ಕೊಡಿ.

ಮೂರು, ಏಜೆನ್ಸಿ ಮೊದಲ ಕೆಲವು ತಿಂಗಳು ನಿಮ್ಮನ್ನು ಟ್ರೈನಿ ಅಂತ ಇಟ್ಟು ಪಿಎಫ್ ಕಟ್ಟಿರುವುದಿಲ್ಲ, ಅಥವಾ ಪಿಎಫ್ಫೇ ಇರುವುದಿಲ್ಲ. ಆಗ ಸಂಬಳ ಬಂದ ಬ್ಯಾಂಕ್ ಸ್ಟೇಟ್‌ಮೆಂಟ್ ಕೆಲಸಕ್ಕೆ ಬರುತ್ತದೆ. ಸಂಬಳ ಜಮಾ ಆದ ಸಾಲಿನಲ್ಲಿ ಏಜೆನ್ಸಿ ಹೆಸರು ಇರುತ್ತದಲ್ಲ, ಆ ಸಾಲುಗಳಿಗೆ ಗುರುತು ಹಾಕಿ ಪಿಡಿಎಫ್ ಇಟ್ಟುಕೊಳ್ಳಿ. ಟಿಡಿಎಸ್ ಹಿಡಿದಿದ್ದರೆ ಫಾರ್ಮ್ 26ಎಎಸ್‌ನಲ್ಲೂ ಏಜೆನ್ಸಿ ಹೆಸರು ಬರುತ್ತದೆ. ಫ್ರೆಶರ್ ಸಂಬಳಕ್ಕೆ ಎಷ್ಟೋ ಸಲ ಟಿಡಿಎಸ್ಸೇ ಇರಲ್ಲ, ಅಲ್ಲಿ ಹೆಸರು ಕಾಣದಿದ್ದರೆ ಹೆದರಬೇಡಿ. ಏಜೆನ್ಸಿ ಮುಚ್ಚಿಹೋಗಿ ಯಾರೂ ಮೇಲ್‌ಗೆ ಉತ್ತರ ಕೊಡದಿದ್ದರೂ ಇವೇ ಕಾಗದಗಳು ನಿಮ್ಮ ಪರವಾಗಿ ನಿಲ್ಲುತ್ತವೆ.

ಹುದ್ದೆಗೆ ಬರೋಣ. ‘ಅಸೋಸಿಯೇಟ್’ ಅಂದರೆ ಓದಿದವರಿಗೆ ಏನೂ ಗೊತ್ತಾಗಲ್ಲ, ನಿಜ. ನೀವು ಏನು ಕೆಲಸ ಮಾಡಿದಿರಿ ಅಂತ ಪಕ್ಕದಲ್ಲೇ ವಿವರಿಸಿದರೆ ತಪ್ಪಿಲ್ಲ. ‘ಅಸೋಸಿಯೇಟ್ (ಮೊಬೈಲ್ ಆ್ಯಪ್ ಟೆಸ್ಟಿಂಗ್)’ ಅಂತ ಬರೆದರೆ ಎಚ್‌ಆರ್ ‘ಅಸೋಸಿಯೇಟ್, ಹೌದು’ ಅಂತ ಟಿಕ್ ಮಾಡುತ್ತಾರೆ. ಆದರೆ ‘ಸೀನಿಯರ್’, ‘ಲೀಡ್’, ‘ಮ್ಯಾನೇಜರ್’ ಇವು ಕೆಲಸದ ವಿವರಣೆ ಅಲ್ಲ, ದರ್ಜೆ. ಅದನ್ನು ಕಂಪನಿ ಕೊಡಬೇಕು. ಟೀಮಿನಲ್ಲಿ ಎಲ್ಲರೂ ನಿಮ್ಮನ್ನೇ ಕೇಳುತ್ತಿದ್ದರು, ಹೊಸಬರಿಗೆ ನೀವೇ ಕಲಿಸಿದಿರಿ ಅಂದರೆ ಅದನ್ನು ಒಂದು ವಾಕ್ಯವಾಗಿ ಕೆಳಗೆ ಬರೆಯಿರಿ, ಹುದ್ದೆಯ ಜಾಗದಲ್ಲಿ ಬೇಡ. ಈಗಿನ ಕಂಪನಿಯಲ್ಲಿ ಪ್ರಮೋಷನ್ ಆಗಿದ್ದರೆ ಎರಡೂ ಹುದ್ದೆಯನ್ನು ಬೇರೆ ಬೇರೆ ದಿನಾಂಕ ಹಾಕಿ ತೋರಿಸಿ. ಮೊದಲ ದಿನದಿಂದಲೂ ಈಗಿನ ಹುದ್ದೆಯಲ್ಲೇ ಇದ್ದ ಹಾಗೆ ಬರೆಯುವವರು ಬಹಳ ಜನ. ಅದೂ ಗುರುತು ಬೀಳುವ ವಿಷಯವೇ.

ಹೀಗೆ ತಿದ್ದಿದ ರೆಸ್ಯೂಮೆ ಪಕ್ಕದಲ್ಲಿಟ್ಟುಕೊಂಡು ಲಿಂಕ್ಡ್‌ಇನ್ ತೆರೆಯಿರಿ. ಅಲ್ಲಿ ತಿಂಗಳು, ವರ್ಷ ಮಾತ್ರ ಕೇಳುತ್ತದೆ, ಆದ್ದರಿಂದ ರೆಸ್ಯೂಮೆಯಲ್ಲೂ ಅಷ್ಟೇ ಇರಲಿ. ದಿನದ ಲೆಕ್ಕ ಫಾರ್ಮ್‌ಗೆ. ಕಂಪನಿ ಜಾಗದಲ್ಲಿ ಏಜೆನ್ಸಿ ಹೆಸರು ಹಾಕಿ, Employment type ಅನ್ನೋ ಕಡೆ ನಿಮ್ಮ ಅಪಾಯಿಂಟ್‌ಮೆಂಟ್ ಲೆಟರ್ ಹೇಳುವ ಹಾಗೆ ಆರಿಸಿ, ಕ್ಲೈಂಟ್ ಹೆಸರನ್ನು ವಿವರಣೆಯಲ್ಲಿ ಬರೆಯಿರಿ. ತಿದ್ದುವ ಪುಟದಲ್ಲಿ Notify network ಅನ್ನೋ ಬಟನ್ ಆಫ್ ಮಾಡಿ. ಇಲ್ಲದಿದ್ದರೆ ಐದು ವರ್ಷದ ಹಳೇ ಕೆಲಸಕ್ಕೆ ಜನ ಅಭಿನಂದನೆ ಹೇಳೋಕೆ ಶುರು ಮಾಡಬಹುದು! ನೌಕರಿ ಡಾಟ್ ಕಾಮ್‌ನಂಥ ಜಾಬ್ ಪೋರ್ಟಲ್‌ನಲ್ಲಿ ಮೇಲಿನ ವಿವರ ತಿದ್ದಿದರೆ ಸಾಲದು, ಅಲ್ಲಿ ಅಪ್‌ಲೋಡ್ ಆಗಿರೋ ಹಳೇ ರೆಸ್ಯೂಮೆ ಫೈಲನ್ನೂ ಬದಲಾಯಿಸಬೇಕು. ಇದನ್ನು ಬಹಳ ಜನ ಮರೆಯುತ್ತಾರೆ.

ಎಚ್‌ಆರ್‌ಗೆ ಹಾಕುವ ಮೇಲ್ ಚಿಕ್ಕದಿರಲಿ. ಅದರಲ್ಲಿ ಇಷ್ಟು ಬಂದರೆ ಸಾಕು: ‘ಮೊದಲು ಕಳಿಸಿದ ರೆಸ್ಯೂಮೆಯಲ್ಲಿ ನನ್ನ ಮೊದಲ ಕೆಲಸದ ವಿವರ ಸರಿಯಾಗಿಲ್ಲ. ನಾನು ಇಂಥ ಏಜೆನ್ಸಿಯ ಪೇರೋಲ್‌ನಲ್ಲಿದ್ದೆ, ಇಂಥ ಕ್ಲೈಂಟ್ ಆಫೀಸಿನಲ್ಲಿ ಕೆಲಸ ಮಾಡಿದ್ದೆ. ಅವಧಿ 12 ಆಗಸ್ಟ್ 2019ರಿಂದ 30 ಜುಲೈ 2021, ಹುದ್ದೆ ಅಸೋಸಿಯೇಟ್. ಆಮೇಲೆ 6 ಡಿಸೆಂಬರ್ ತನಕ ಕೆಲಸ ಇರಲಿಲ್ಲ. ತಿದ್ದಿದ ರೆಸ್ಯೂಮೆ ಮತ್ತು ಲೆಟರ್ ಲಗತ್ತಿಸಿದ್ದೇನೆ.’ ಟೈಪಿಂಗ್ ತಪ್ಪು, ಫ್ರೆಂಡ್ ಮಾಡಿಕೊಟ್ಟ ರೆಸ್ಯೂಮೆ ಅಂತೆಲ್ಲ ಕಥೆ ಸೇರಿಸಬೇಡಿ. ಅವರು ಫೋನ್ ಮಾಡಿ ಯಾಕೆ ಹೀಗಿತ್ತು ಅಂತ ಕೇಳಿದರೆ, ಗ್ಯಾಪ್ ಕಾಣಬಾರದು ಅಂತ ಹಾಕಿದ್ದೆ ಅಂತ ನೇರವಾಗಿ ಹೇಳಿ. ಇದರಿಂದ ಆಫರ್ ಉಳಿದೇ ಉಳಿಯುತ್ತದೆ ಅಂತ ನಾನು ಮಾತು ಕೊಡಲಾರೆ. ಕೆಲವು ಕಂಪನಿ ಅನುಭವದ ವರ್ಷ ಕಡಿಮೆಯಾಯಿತು ಅಂತ ಸಂಬಳ ಮತ್ತೆ ಲೆಕ್ಕ ಹಾಕಬಹುದು, ಆಫರ್ ವಾಪಸ್ ತಗೊಳ್ಳಲೂಬಹುದು. ಆದರೆ ಸೇರಿದ ಮೇಲೆ ರಿಪೋರ್ಟ್ ಕೆಂಪಾಗಿ ಬಂದರೆ ಕೆಲಸದಿಂದ ತೆಗೆಯುತ್ತಾರೆ, ಆಮೇಲೆ ಆ ಕೆಲಸವನ್ನೂ ರೆಸ್ಯೂಮೆಯಲ್ಲಿ ಎಲ್ಲಿ ಬರೆಯೋದು ಅನ್ನೋ ಹೊಸ ತಲೆನೋವು.

ಕೊನೆಗೆ, ಈಗಿನ ಕಂಪನಿ ವಿಷಯ. ಫಾರ್ಮ್‌ನಲ್ಲಿ ‘ಈಗಿನ ಉದ್ಯೋಗದಾತರನ್ನು ಸಂಪರ್ಕಿಸಬಹುದೇ’ ಅಂತ ಇರುತ್ತದೆ. ನೀವು ಇನ್ನೂ ರಾಜೀನಾಮೆ ಕೊಟ್ಟಿಲ್ಲ ಅಂದರೆ ಅಲ್ಲಿ ‘ಈಗ ಬೇಡ’ ಅಂತ ಗುರುತು ಹಾಕಿ. ರಿಲೀವಿಂಗ್ ಲೆಟರ್ ಸಿಕ್ಕ ಮೇಲೆ ಆ ಭಾಗ ಪರಿಶೀಲಿಸುತ್ತಾರೆ. ಮತ್ತೆ, ಆಫರ್ ಲೆಟರ್ ಕೈಯಲ್ಲಿದೆ ಅಂತ ಈ ವಾರವೇ ರಾಜೀನಾಮೆ ಕೊಡಬೇಡಿ. ವೆರಿಫಿಕೇಶನ್ ಸರಿಬಂದರೆ ಮಾತ್ರ ಅನ್ನೋ ಷರತ್ತು ಆಫರ್ ಲೆಟರ್‌ಗಳಲ್ಲಿ ಸಾಮಾನ್ಯ, ನಿಮ್ಮದರಲ್ಲೂ ಇದೆಯಾ ನೋಡಿ. ತಿದ್ದಿದ ರೆಸ್ಯೂಮೆ ನೋಡಿದ್ದೇವೆ, ಮುಂದುವರಿಯೋಣ ಅಂತ ಎಚ್‌ಆರ್‌ನಿಂದ ಮೇಲ್‌ನಲ್ಲೇ ಉತ್ತರ ಬರಲಿ. ಫೋನಿನಲ್ಲಿ ‘ಓಕೆ ಮ್ಯಾಮ್, ನೋ ಪ್ರಾಬ್ಲಮ್’ ಅಂದರೆ, ಅದನ್ನೇ ಒಂದು ಸಾಲು ಮೇಲ್ ಮಾಡಿ ಅಂತ ಕೇಳಿ. ಅದು ಬಂದ ಮೇಲೆ ನೋಟಿಸ್ ಹಾಕಿ.