ಮೊದಲು ಪ್ಲಗ್, ಆಮೇಲೆ ಕ್ಷಮೆ

ಓದುಗರ ಪತ್ರ: "ಮಾನ್ಯ ಸಂಪಾದಕರೇ, ನಾನು ಅಡುಗೆಮನೆ ಉಪಕರಣ ಮಾಡುವ ಸಣ್ಣ ಕಂಪನಿಯೊಂದರಲ್ಲಿ ಪ್ರಚಾರದ ಕೆಲಸ ನೋಡಿಕೊಳ್ಳುತ್ತೇನೆ. ನಮ್ಮ ಒಂದೂವರೆ ಲೀಟರಿನ ಎಲೆಕ್ಟ್ರಿಕ್ ಕೆಟಲ್‌ನ ಹಿಡಿ ಬಿಸಿಯಲ್ಲಿ ಕಳಚಿ ಮೂವರಿಗೆ ಸುಟ್ಟ ಗಾಯವಾಗಿದೆ. ಎರಡು ಬ್ಯಾಚ್‌ಗಳಲ್ಲಿ ಮಾತ್ರ ಈ ತೊಂದರೆ. ಮೊದಲ ದೂರು ಬಂದು ಹನ್ನೊಂದು ದಿನವಾಯಿತು. ಸ್ಥಾಪಕರು ವಿಡಿಯೊದಲ್ಲಿ ಮಾತಾಡಲು ಒಪ್ಪಿದ್ದಾರೆ, ಆದರೆ ಕಂಪನಿ ಕಟ್ಟಿದ ಕಥೆಯಿಂದ ಶುರು ಮಾಡಬೇಕು ಅನ್ನುತ್ತಾರೆ. ವಕೀಲರು ಕ್ಷಮೆ ಎಂಬ ಮಾತೇ ಬೇಡ ಅನ್ನುತ್ತಾರೆ. ನಾನು ಬರೆದ ಕರಡು ಲಗತ್ತಿಸಿದ್ದೇನೆ, ತಿದ್ದಿ ಕೊಡುತ್ತೀರಾ? ಹೆಸರು ಪ್ರಕಟಿಸಬೇಡಿ." ಪೀಣ್ಯ, ಬೆಂಗಳೂರು

ನಿಮ್ಮ ಕರಡನ್ನು ಓದಿದೆ. ಭಾಷೆ ಚೆನ್ನಾಗಿದೆ, ಬರೆಯುವ ಕೈ ನಿಮಗಿದೆ. ಆದರೂ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಕೆಟಲ್ ಬಳಸಬೇಡಿ ಎಂಬ ವಾಕ್ಯ ನಿಮ್ಮ ಕರಡಿನ ನಾಲ್ಕನೇ ಪ್ಯಾರಾದಲ್ಲಿದೆ. ಅದಕ್ಕೂ ಮುಂಚೆ ಗ್ರಾಹಕರ ವಿಶ್ವಾಸ, ಗುಣಮಟ್ಟದ ಪರಂಪರೆ, ಸಣ್ಣ ಶೆಡ್ಡಿನಲ್ಲಿ ಶುರುವಾದ ಕನಸು ಎಲ್ಲ ಬಂದುಹೋಗಿವೆ. ಓದಿದರೆ ಅಷ್ಟಕ್ಕೇ ಮುಕ್ಕಾಲು ನಿಮಿಷ ಬೇಕು. ಅಷ್ಟರಲ್ಲಿ ಯಾವುದೋ ಮನೆಯಲ್ಲಿ ಕುದಿಯುವ ನೀರು ತುಂಬಿದ ಅದೇ ಕೆಟಲನ್ನು ಯಾರೋ ಎತ್ತುತ್ತಿರುತ್ತಾರೆ. ಉಪಕರಣ ಕೆಟ್ಟು ಜನರಿಗೆ ಗಾಯವಾದ ಮೇಲೆ ಮಾಡುವ ವಿಡಿಯೊದಲ್ಲಿ ಮೊದಲ ಇಪ್ಪತ್ತು ಸೆಕೆಂಡು ಕಂಪನಿಯದಲ್ಲ, ಸ್ಥಾಪಕರದೂ ಅಲ್ಲ. ಅದು ಕೆಟಲ್ ಹಿಡಿದವರದು. ಕ್ಷಮೆ ಕೂಡ ಅದಾದ ಮೇಲೆಯೇ.

ವಕೀಲರ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಹಿಡಿ ಕಳಚಲು ಅಂಟು ಕಾರಣವೋ ಸ್ಕ್ರೂ ಕಾರಣವೋ ಪರೀಕ್ಷೆಯಲ್ಲಿ ಖಚಿತವಾಗುವವರೆಗೆ ಹೇಳಬಾರದು. ಬಿಡಿಭಾಗ ಕೊಟ್ಟವರ ಮೇಲೆ ಬೊಟ್ಟು ಮಾಡಬಾರದು. ಇವೆರಡನ್ನೂ ಅವರು ಹೇಳಿದಂತೆಯೇ ಪಾಲಿಸಿ. ಆದರೆ ಕ್ಷಮೆ ಕೇಳದಿದ್ದರೆ ಹೊಣೆ ತಪ್ಪುತ್ತದೆ ಎಂಬ ಎಣಿಕೆ ಸರಿಯಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 84ನೇ ಸೆಕ್ಷನ್ ತಯಾರಿಕೆಯ ದೋಷವನ್ನೂ ವಿನ್ಯಾಸದ ದೋಷವನ್ನೂ ತಯಾರಕರ ಹೊಣೆಗೆ ಆಧಾರವೆಂದು ಎಣಿಸುತ್ತದೆ. ಅಂದರೆ ಹೊಣೆ ಹುಟ್ಟುವುದು ಕಳಚಿದ ಹಿಡಿಯಿಂದ, ಸ್ಥಾಪಕರ ಬಾಯಿಂದಲ್ಲ. ಅದೇ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ ಅಪಾಯಕಾರಿ ಸರಕನ್ನು ವಾಪಸ್ ಕರೆಸಿ ಹಣ ಮರಳಿಸಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಆದೇಶ ಮಾಡಬಹುದು. ಆದೇಶ ಬಂದ ಮೇಲೆ ಕೇಳುವ ಕ್ಷಮೆಗೆ ಯಾರ ಮನೆಯಲ್ಲೂ ಬೆಲೆಯಿಲ್ಲ.

ಕೆನಡಾದ ಮೇಪಲ್ ಲೀಫ್ ಫುಡ್ಸ್‌ನ ಉದಾಹರಣೆಯನ್ನು ನಿಮ್ಮ ಸ್ಥಾಪಕರಿಗೆ ಅಗತ್ಯವಾಗಿ ತೋರಿಸಿ. 2008ರಲ್ಲಿ ಟೊರಾಂಟೊದ ಅವರ ಕಾರ್ಖಾನೆಯ ಮಾಂಸದಲ್ಲಿ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಸೇರಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಆಗಸ್ಟ್‌ನಲ್ಲಿ ಕಂಪನಿಯ ಮುಖ್ಯಸ್ಥ ಮೈಕೆಲ್ ಮೆಕೇನ್ ಟೈ ಇಲ್ಲದೆ, ನೀಲಿ ಅಂಗಿಯಲ್ಲಿ ಕ್ಯಾಮೆರಾ ಮುಂದೆ ನಿಂತರು. ಸರಕು ವಾಪಸ್ ಕರೆಸಿದ್ದೇವೆ, ಕಾರ್ಖಾನೆ ಮುಚ್ಚಿದ್ದೇವೆ ಎಂದರು. ನಮ್ಮ ಆಹಾರದಿಂದ ಜನ ಕಾಯಿಲೆ ಬಿದ್ದಿದ್ದಾರೆ, ಸತ್ತಿದ್ದಾರೆ ಎಂದು ಸುತ್ತಿ ಬಳಸದೆ ಹೇಳಿದರು. ನಮ್ಮ ಪ್ರಯತ್ನ ಸೋತಿತು ಎಂದು ಒಪ್ಪಿ ಕ್ಷಮೆ ಕೇಳಿದರು. ಈ ಬಿಕ್ಕಟ್ಟಿನಲ್ಲಿ ವಕೀಲರ ಮಾತನ್ನೂ ಲೆಕ್ಕಿಗರ ಮಾತನ್ನೂ ಕೇಳಲಿಲ್ಲ ಎಂದು ಆಮೇಲೆ ಪತ್ರಕರ್ತರಿಗೆ ತಿಳಿಸಿದರು. ಕ್ಷಮೆಯ ಮಾತನ್ನು ಕೋರ್ಟಿನಲ್ಲಿ ತಪ್ಪೊಪ್ಪಿಗೆಯಾಗಿ ಬಳಸದಂತೆ ತಡೆಯುವ ಕಾಯ್ದೆ ಟೊರಾಂಟೊ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ ಬಂದದ್ದು ಮರುವರ್ಷ, 2009ರಲ್ಲಿ. ಮೆಕೇನ್ ಮಾತಾಡಿದಾಗ ಆ ರಕ್ಷಣೆ ಅವರಿಗಿರಲಿಲ್ಲ. ಪರಿಹಾರ ಕಟ್ಟಿಕೊಡಬೇಕಾಯಿತು, ಕೊಟ್ಟರು. ಕಂಪನಿ ಉಳಿಯಿತು.

ಆ ವಿಡಿಯೊದಲ್ಲೂ ಒಂದು ಕೊರತೆಯಿದೆ. ಈ ಬ್ಯಾಕ್ಟೀರಿಯಾ ಎಷ್ಟೋ ಆಹಾರಗಳಲ್ಲಿ, ಪರಿಸರದಲ್ಲಿ ಸಾಮಾನ್ಯ ಎಂಬ ಮಾತು ಶುರುವಿನಲ್ಲೇ ಬರುತ್ತದೆ. ಅದು ನಿಜ, ಆದರೆ ತಾಯಿಯನ್ನು ಕಳೆದುಕೊಂಡವರ ಕಿವಿಗೆ ಅದು ನೆಪವಾಗಿ ಕೇಳುತ್ತದೆ. ಬಿಸಿ ನೀರಿನ ಉಪಕರಣವನ್ನು ಎಚ್ಚರಿಕೆಯಿಂದಲೇ ಬಳಸಬೇಕು ಎಂದು ನೀವು ಬರೆದ ವಾಕ್ಯಕ್ಕೂ ಇದೇ ರೋಗ. ಅದನ್ನು ಪೂರ್ತಿ ತೆಗೆಯಿರಿ.

ಇನ್ನೊಂದು ತಪ್ಪು ಇದಕ್ಕಿಂತ ಸೂಕ್ಷ್ಮ. ಅಮೆರಿಕದ ಪೆಲೊಟಾನ್ ಕಂಪನಿಯ ಟ್ರೆಡ್‌ಮಿಲ್ ಅಡಿಗೆ ಸಿಕ್ಕಿ ಒಂದು ಮಗು ತೀರಿಕೊಂಡಿತ್ತು. 2021ರ ಏಪ್ರಿಲ್‌ನಲ್ಲಿ ಅಲ್ಲಿನ ಸುರಕ್ಷತಾ ಆಯೋಗ ಎಚ್ಚರಿಕೆ ಹೊರಡಿಸಿದಾಗ ಕಂಪನಿ ಅದನ್ನು ದಾರಿ ತಪ್ಪಿಸುವ ಮಾತು ಎಂದು ತಳ್ಳಿಹಾಕಿತು. ಮೂರು ವಾರವಾಗುವ ಮೊದಲೇ, ಮೇ 5ರಂದು, ಯಂತ್ರಗಳನ್ನು ವಾಪಸ್ ಕರೆಸಬೇಕಾಯಿತು. ಸಹಸ್ಥಾಪಕ ಜಾನ್ ಫೋಲಿ ಅಂದು ಕ್ಷಮೆ ಕೇಳಿದ್ದು, ಆಯೋಗದ ಕೋರಿಕೆಗೆ ಮೊದಲೇ ಸರಿಯಾಗಿ ಸ್ಪಂದಿಸಲಿಲ್ಲ ಎಂದು. ಆ ಒಪ್ಪಿಗೆ ಬೇಕೇ ಬೇಕಿತ್ತು. ಆದರೆ ಕ್ಷಮೆ ಯಂತ್ರದ ಬಳಿಯಿಂದ ಸರಿದು ಕಚೇರಿಯ ವ್ಯವಹಾರದ ಕಡೆ ಹೋಯಿತು. ನಿಮ್ಮಲ್ಲೂ ಎರಡು ತಪ್ಪುಗಳಿವೆ: ಹಿಡಿ ಕಳಚಿದ್ದು, ಹನ್ನೊಂದು ದಿನ ಸುಮ್ಮನಿದ್ದದ್ದು. ಎರಡಕ್ಕೂ ಬೇರೆ ಬೇರೆಯಾಗಿ ಕ್ಷಮೆ ಕೇಳಬೇಕು, ಮೊದಲನೆಯದು ಮೊದಲು.

ನಿಮ್ಮ ಕರಡನ್ನು ತಿದ್ದುವ ಬದಲು ಹೊಸದಾಗಿಯೇ ಬರೆದುಕೊಟ್ಟಿದ್ದೇನೆ. ಬಿಟ್ಟ ಜಾಗ ನೀವು ತುಂಬಿಕೊಳ್ಳಿ.

"ಇವತ್ತು ತಾರೀಕು ____. ನಮ್ಮ ಒಂದೂವರೆ ಲೀಟರಿನ ಕೆಟಲ್ ನಿಮ್ಮ ಮನೆಯಲ್ಲಿದ್ದರೆ ಈಗಲೇ ಪ್ಲಗ್ ತೆಗೆಯಿರಿ. ಒಳಗೆ ಬಿಸಿ ನೀರಿದ್ದರೆ ಎತ್ತಬೇಡಿ, ಆರಲು ಬಿಡಿ. ಆರಿದ ಮೇಲೆ ನೀರು ಚೆಲ್ಲಿ, ತಳ ನೋಡಿ. ಬ್ಯಾಚ್ ನಂಬರು ____ ಅಥವಾ ____ ಇದ್ದರೆ ಮತ್ತೆ ಬಳಸಬೇಡಿ.

ನಾನು ____, ಈ ಕಂಪನಿ ಶುರು ಮಾಡಿದವನು. ಈ ಕೆಟಲ್‌ಗಳ ಹಿಡಿ ಬಿಸಿಯಲ್ಲಿ ಕಳಚುತ್ತಿದೆ. ಮೂವರಿಗೆ ಸುಟ್ಟ ಗಾಯವಾಗಿದೆ. ಅವರು ಏನೂ ತಪ್ಪು ಮಾಡಿಲ್ಲ. ನಾವು ಕೊಟ್ಟ ಕೆಟಲ್ ಸರಿಯಿರಲಿಲ್ಲ. ಅವರಲ್ಲಿ, ಅವರ ಮನೆಯವರಲ್ಲಿ ಕ್ಷಮೆ ಕೇಳುತ್ತೇನೆ. ಮೊದಲ ದೂರು ____ರಂದು ಬಂತು. ಅಂದೇ ನಿಮಗೆ ತಿಳಿಸಬೇಕಿತ್ತು, ತಿಳಿಸಲಿಲ್ಲ. ಅದಕ್ಕೂ ಕ್ಷಮೆ ಕೇಳುತ್ತೇನೆ.

ಹಿಡಿ ಯಾಕೆ ಕಳಚುತ್ತಿದೆ ಎಂದು ನಮಗೆ ಇನ್ನೂ ಖಚಿತವಾಗಿಲ್ಲ. ಪರೀಕ್ಷೆ ನಡೆಯುತ್ತಿದೆ. ____ನೇ ತಾರೀಕು ನಾನೇ ಬಂದು ಹೇಳುತ್ತೇನೆ. ಆ ಎರಡು ಬ್ಯಾಚಿನ ಪೂರ್ತಿ ಹಣ ವಾಪಸ್ ಕೊಡುತ್ತೇವೆ. ಬಿಲ್ ಬೇಡ, ಡಬ್ಬಿ ಬೇಡ. ತಳದ ಫೋಟೊ ತೆಗೆದು ಈ ನಂಬರಿಗೆ ವಾಟ್ಸಾಪ್ ಮಾಡಿ. ಅದು ಆಗದಿದ್ದರೆ ಇದೇ ನಂಬರಿಗೆ ಫೋನ್ ಮಾಡಿ."

ಇಷ್ಟೇ. ಅವಸರವಿಲ್ಲದೆ ಓದಿದರೆ ಒಂದೂವರೆ ನಿಮಿಷ. ತಾರೀಕನ್ನು ಮೊದಲೇ ಬಾಯಿಬಿಟ್ಟು ಹೇಳಬೇಕು, ಯಾಕೆಂದರೆ ಈ ವಿಡಿಯೊ ಆರು ತಿಂಗಳ ಮೇಲೂ ವಾಟ್ಸಾಪಿನಲ್ಲಿ ಓಡಾಡುತ್ತದೆ, ಆಗ ಹೊಸ ಕೆಟಲ್ ಕೊಂಡವರು ಗಾಬರಿಯಾಗಬಾರದು. "ತೊಂದರೆಯಾಗಿದ್ದಲ್ಲಿ ಕ್ಷಮಿಸಿ" ಎಂದು ನೀವು ಬರೆದಿದ್ದಿರಿ. ಮೂವರ ಕೈ ಸುಟ್ಟಿರುವಾಗ ಆ "ಆಗಿದ್ದಲ್ಲಿ" ಅವರ ಗಾಯವನ್ನೇ ಅನುಮಾನಿಸಿದಂತಾಗುತ್ತದೆ. ಎರಡು ಬ್ಯಾಚ್ ಮಾತ್ರ ಎಂಬ ಸಮಾಧಾನದ ಮಾತನ್ನೂ ಸೇರಿಸಿಲ್ಲ. ಬ್ಯಾಚ್ ನಂಬರು ಹೇಳಿದರೆ ಉಳಿದವರಿಗೆ ತಾನಾಗಿಯೇ ತಿಳಿಯುತ್ತದೆ, ನೀವು "ಮಾತ್ರ" ಎಂದರೆ ಗಾಯವನ್ನು ಚಿಕ್ಕದು ಮಾಡಿದಂತೆ.

ಧ್ವನಿಯ ವಿಷಯ. ಸ್ಥಾಪಕರು ಅಳಬೇಕಿಲ್ಲ, ಅಳು ಬಂದರೆ ನಿಲ್ಲಿಸಿ ನೀರು ಕುಡಿದು ಮತ್ತೆ ಆ ವಾಕ್ಯದಿಂದ ಶುರು ಮಾಡಲಿ. ಪ್ಲಗ್ ತೆಗೆಯಿರಿ ಎಂಬಲ್ಲಿ ದನಿ ಗಟ್ಟಿಯಾಗಿರಲಿ, ಅದು ಬೇಡಿಕೆಯಲ್ಲ, ಸೂಚನೆ. ಗಾಯದ ಮಾತು ಬಂದಾಗ ವೇಗ ಇಳಿಯಲಿ, ಕ್ಷಮೆ ಕೇಳಿದ ಮೇಲೆ ಒಂದು ಉಸಿರಿನಷ್ಟು ಬಿಡುವು ಕೊಡಲಿ. ಹಿನ್ನೆಲೆ ಸಂಗೀತ ಬೇಡ. ಹಿಂದೆ ಕಂಪನಿಯ ಲೋಗೊ, ಪ್ರಶಸ್ತಿಗಳ ಕಪಾಟು ಬೇಡ, ಬರಿ ಗೋಡೆ ಸಾಕು. ಕ್ಯಾಮೆರಾ ಕಣ್ಣಿನ ಎತ್ತರಕ್ಕಿರಲಿ, ಓದುವ ಹಾಳೆ ಅಥವಾ ಪರದೆ ಲೆನ್ಸಿಗೆ ಅಂಟಿಕೊಂಡಂತಿರಲಿ. 2009ರಲ್ಲಿ ಅಮೆರಿಕದ ಡಾಮಿನೋಸ್ ಅಂಗಡಿಯೊಂದರ ಇಬ್ಬರು ನೌಕರರು ಆಹಾರ ಹೊಲಸು ಮಾಡುವ ವಿಡಿಯೊ ಹರಿದಾಡಿದಾಗ ಅಧ್ಯಕ್ಷ ಪ್ಯಾಟ್ರಿಕ್ ಡಾಯ್ಲ್ ಒಳ್ಳೆಯ ಮಾತುಗಳನ್ನೇ ಆಡಿದರು. ಆದರೆ ಕಣ್ಣು ಲೆನ್ಸಿನ ಪಕ್ಕಕ್ಕೆ ಹೊರಳಿತ್ತು, ಟೀಕೆ ಅದರ ಮೇಲೆಯೇ ಬಂತು. ಒಂದೇ ಓಟದಲ್ಲಿ ಚಿತ್ರೀಕರಿಸಿ. ನಡುವೆ ಕತ್ತರಿ ಹಾಕಿದರೆ ಅಲ್ಲಿ ಏನು ಮುಚ್ಚಿಟ್ಟರು ಎಂದು ಜನ ಕೇಳುತ್ತಾರೆ. ಬಹಳ ಮಂದಿ ದನಿಯಿಲ್ಲದೆ ನೋಡುವುದರಿಂದ ಬ್ಯಾಚ್ ನಂಬರು, ತಳದ ಫೋಟೊ, ಫೋನ್ ನಂಬರು ಪರದೆಯ ಮೇಲೆ ದೊಡ್ಡದಾಗಿ ಬರಲಿ.

ಈಗ ನನ್ನ ಹಳೆಯ ತಕರಾರು. ನಿಮ್ಮ ಸ್ಥಾಪಕರು ಮೊದಲು ಇಂಗ್ಲಿಷಿನಲ್ಲಿ ಮಾತಾಡಿ, ಕನ್ನಡಕ್ಕೆ ಆಮೇಲೆ ಡಬ್ ಮಾಡಿಸುತ್ತಾರೆ ಎಂದು ಕರಡಿನ ಕೊನೆಯಲ್ಲಿ ಬರೆದಿದ್ದೀರಿ. ಯಾಕೆ? ಕೆಟಲನ್ನು ಗದಗಿನ ಅಂಗಡಿಯಲ್ಲಿ, ಶಿರಸಿಯ ಸಂತೆಬೀದಿಯಲ್ಲಿ ಮಾರುವಾಗ ಕನ್ನಡದ ಜಾಹೀರಾತು ಮೊದಲ ದಿನವೇ ಸಿದ್ಧವಿರುತ್ತದೆ. ಸರಕು ವಾಪಸ್ ಕರೆಸುವ ಪ್ರಕಟಣೆ ಮಾತ್ರ ಇಂಗ್ಲಿಷ್ ಪತ್ರಿಕೆಯ ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತದೆ. ಮಾರುವ ಭಾಷೆ ಒಂದು, ಎಚ್ಚರಿಸುವ ಭಾಷೆ ಇನ್ನೊಂದು. ಸುಡುವ ನೀರಿನ ವಿಷಯದಲ್ಲಿ ಇದು ಅನ್ಯಾಯ. ಸ್ಥಾಪಕರಿಗೆ ಕನ್ನಡ ಬಂದರೆ ಕನ್ನಡದ ವಿಡಿಯೊವನ್ನು ಅವರೇ ಅಂದೇ ಮಾಡಲಿ. ತಡವರಿಸಿದರೂ ಪರವಾಗಿಲ್ಲ. ಬಾರದಿದ್ದರೆ ನಿಮ್ಮ ಸರ್ವಿಸ್ ವಿಭಾಗದ ಮುಖ್ಯಸ್ಥರು ತಮ್ಮ ಹೆಸರು ಹೇಳಿ ಮಾತಾಡಲಿ. ಬಾಡಿಗೆ ದನಿಯ ಕ್ಷಮೆಯನ್ನು ಯಾರೂ ನಂಬುವುದಿಲ್ಲ. ಬ್ಯಾಚ್ ನಂಬರಿನ ಗತಿಯೂ ಹೀಗೆಯೇ: ಸ್ಟೀಲಿನ ತಳದಲ್ಲಿ ಬಣ್ಣವಿಲ್ಲದ ಅಚ್ಚು, ಕನ್ನಡಕ ಹಾಕಿದರೂ ಕಾಣದು. ಕೆಟಲನ್ನು ಬೆಳಕಿಗೆ ಓರೆಯಾಗಿ ಹಿಡಿದು ಆ ಜಾಗವನ್ನು ಹತ್ತಿರದಿಂದ ತೋರಿಸುವ ಐದು ಸೆಕೆಂಡಿನ ಚಿತ್ರ ಕಡ್ಡಾಯವಾಗಿ ಸೇರಿಸಿ. ನಂಬರು ಓದಲಾಗದವರ ಕೆಟಲನ್ನು ಕೆಟ್ಟ ಬ್ಯಾಚಿನದೆಂದೇ ಲೆಕ್ಕ ಹಾಕಿ ಹಣ ಕೊಡಿ.

ವಿಡಿಯೊ ಹಾಕುವ ಮೊದಲು ಕೆಲವು ಕೆಲಸ ಮುಗಿದಿರಬೇಕು. ಆನ್‌ಲೈನ್ ಅಂಗಡಿಗಳಿಂದ ಆ ಕೆಟಲ್ ಇಳಿದಿರಬೇಕು, ಡೀಲರುಗಳಿಗೆ ಮಾರಾಟ ನಿಲ್ಲಿಸುವ ಸಂದೇಶ ತಲುಪಿರಬೇಕು. ಮೊದಲೇ ನಿಗದಿಯಾದ ಹಬ್ಬದ ರಿಯಾಯಿತಿ ಜಾಹೀರಾತುಗಳು ನಿಂತಿರಬೇಕು. ಇಲ್ಲದಿದ್ದರೆ ಕ್ಷಮೆಯ ವಿಡಿಯೊ ಮುಗಿದೊಡನೆ ಅದೇ ಕೆಟಲಿನ ಜಾಹೀರಾತು ಬರುತ್ತದೆ. ಫೋನ್ ಎತ್ತಲು ಕನ್ನಡ, ಹಿಂದಿ, ತಮಿಳು, ತೆಲುಗು ಬಲ್ಲವರು ಕುಳಿತಿರಬೇಕು, ಮತ್ತು ಬಿಲ್ ಕೇಳಬಾರದೆಂದು ಅವರಿಗೆ ಗೊತ್ತಿರಬೇಕು. ಸ್ಥಾಪಕರು ಬಿಲ್ ಬೇಡ ಎಂದು, ಫೋನ್ ಎತ್ತಿದವರು ಬಿಲ್ ಎಲ್ಲಿ ಎಂದರೆ ಇಡೀ ವಿಡಿಯೊ ಸುಳ್ಳಾಗುತ್ತದೆ. ಗಾಯಗೊಂಡ ಮೂವರ ಮನೆಗೆ ಸ್ಥಾಪಕರು ಚಿತ್ರೀಕರಣಕ್ಕೆ ಮುಂಚೆಯೇ ಫೋನ್ ಮಾಡಲಿ, ಆ ಕರೆಯನ್ನು ರೆಕಾರ್ಡ್ ಮಾಡಬೇಡಿ, ವಿಡಿಯೊದಲ್ಲಿ ಅದರ ಸುದ್ದಿಯೂ ಬೇಡ. ಹೇಳಿದ ತಾರೀಕಿಗೆ ಪರೀಕ್ಷೆಯ ಫಲಿತಾಂಶ ಬಂದಿರದಿದ್ದರೂ ಎರಡನೇ ವಿಡಿಯೊ ಬರಲೇಬೇಕು: ಎಷ್ಟು ಕೆಟಲ್ ವಾಪಸ್ ಬಂದವು, ಎಷ್ಟು ಇನ್ನೂ ಮನೆಗಳಲ್ಲಿವೆ, ಮುಂದಿನ ತಾರೀಕು ಯಾವುದು.

— ಸಂಪಾದಕ